ಮನಸ್ಸಿನ ಮಾತು ಬಾಯಿಗೆ: ಚದುರಂಗದಿಂದ ಮೊಬೈಲ್ ಆ್ಯಪ್‌ವರೆಗೆ

ಒಳ್ಳೆಯ ಚದುರಂಗ ಆಟಗಾರ ಮುಂದಿನ ನಡೆಯನ್ನು ಹೇಗೆ ಆರಿಸುತ್ತಾನೆ? ಡಚ್ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ ಇದನ್ನು ತಿಳಿಯಲು ಆಟಗಾರರ ಮುಂದೆ ಒಂದು ಪಂದ್ಯದ ನಡುಘಟ್ಟವನ್ನು ಜೋಡಿಸಿಟ್ಟು, 'ಯೋಚಿಸಿ, ಯೋಚಿಸುತ್ತಿರುವುದನ್ನೇ ಬಾಯಿಬಿಟ್ಟು ಹೇಳುತ್ತಿರಿ' ಎಂದರು. ಅಲೆಖೈನ್, ಯೂವೆಯಂಥ ಘಟಾನುಘಟಿಗಳೂ ಹಾಗೆ ಮಾತಾಡಿದರು. 1946ರಲ್ಲಿ ಬಂದ ಡಿ ಗ್ರೂಟ್ ಅವರ ಪ್ರಬಂಧ ನಿಂತಿದ್ದು ಈ ಗೊಣಗಾಟದ ಮೇಲೆ.

ಇದನ್ನು ವಿಜ್ಞಾನ ಎಂದು ಒಪ್ಪದವರೂ ಇದ್ದರು. ತಾನು ಮಾಡಿದ್ದಕ್ಕೆ ಮನುಷ್ಯ ಕೊಡುವ ಕಾರಣ ಎಷ್ಟೋ ಸಲ ಆಮೇಲೆ ಕಟ್ಟಿದ್ದು ಎಂಬುದು ಅವರ ತಕರಾರು. ಆ್ಯಂಡರ್ಸ್ ಎರಿಕ್ಸನ್ ಮತ್ತು ಹರ್ಬರ್ಟ್ ಸೈಮನ್ 1980ರಲ್ಲಿ ಇದಕ್ಕೆ ಉತ್ತರ ಕೊಟ್ಟರು: ಕಾರಣ ಕೇಳಬೇಡಿ. ಆ ಕ್ಷಣ ತಲೆಯಲ್ಲಿ ಓಡುತ್ತಿರುವುದನ್ನಷ್ಟೇ ಹೇಳಿಸಿದರೆ ಯೋಚನೆಯ ವೇಗ ತುಸು ಕುಗ್ಗಬಹುದು, ದಾರಿ ಬದಲಾಗದು. 'ಯಾಕೆ ಹಾಗೆ ಮಾಡಿದಿರಿ' ಎಂದು ಕೇಳಿದೊಡನೆ ಯೋಚನೆ ನಿಂತು ಸಮರ್ಥನೆ ಶುರುವಾಗುತ್ತದೆ.

ಐಬಿಎಂನ ಸಂಶೋಧಕ ಕ್ಲೇಟನ್ ಲೂಯಿಸ್ 1982ರ ಹೊತ್ತಿಗೆ ಈ ಉಪಾಯವನ್ನು ಕಂಪ್ಯೂಟರಿನ ಮುಂದೆ ತಂದಿಟ್ಟರು. ಪರೀಕ್ಷೆ ಈಗ ಬಳಸುವವರ ಬುದ್ಧಿಗಲ್ಲ, ಯಂತ್ರಕ್ಕೆ. ಇಂದು ಮೊಬೈಲ್ ಆ್ಯಪ್ ಮಾಡುವವರು ನಡೆಸುವ ಬಳಕೆ ಪರೀಕ್ಷೆಯ ಮೂಲಗಳಲ್ಲಿ ಇದೊಂದು.

ಊರಿಗೆ ಹೋಗುವವರಿಗಾಗಿ ಬಸ್ ಟಿಕೆಟ್ ಆ್ಯಪ್ ಒಂದು ಸಿದ್ಧವಾಗುತ್ತಿದೆ ಎಂದುಕೊಳ್ಳಿ. ಪರೀಕ್ಷೆಗೆ ಯಾರನ್ನು ಕರೆಯಬೇಕು? ಪಕ್ಕದ ಮೇಜಿನ ಸಹೋದ್ಯೋಗಿಯನ್ನಂತೂ ಅಲ್ಲ, ಅವರಿಗೆ ಎಲ್ಲಾ ಗುಂಡಿಗಳ ಜಾತಕವೂ ಗೊತ್ತು. 'ನೀವು ಆ್ಯಪ್ ಬಳಸ್ತೀರಾ?' ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. 'ಹೋದ ಸಲ ಊರಿಗೆ ಹೋಗುವಾಗ ಟಿಕೆಟ್ ಹೇಗೆ ಮಾಡಿಸಿದ್ರಿ?' ಎಂದು ಕೇಳಿದರೆ ನಿಜ ಹೊರಬರುತ್ತದೆ. ಸ್ವತಃ ಮಾಡಿಸಿದವರು ಒಂದಿಷ್ಟು ಜನ, ಮಗನ ಕೈಲಿ ಮಾಡಿಸಿದವರು ಒಂದಿಷ್ಟು ಜನ ಇರಲಿ. ಆದಷ್ಟೂ ಅವರ ಫೋನನ್ನೇ ಬಳಸಲಿ. ಅಕ್ಷರ ದೊಡ್ಡದು ಮಾಡಿಕೊಂಡವರ ಫೋನಿನಲ್ಲಿ ಮುಖ್ಯ ಗುಂಡಿಯೇ ಪರದೆಯಿಂದ ಕೆಳಗೆ ಜಾರಿರುವುದು ಕಚೇರಿಯ ಹೊಸ ಫೋನಿನಲ್ಲಿ ಕಾಣುವುದಿಲ್ಲ.

ಕೆಲಸ ಕೊಡುವುದರಲ್ಲಿ ಇನ್ನೂ ಹೆಚ್ಚು ಜಾಣತನ ಬೇಕು. 'ಶುಕ್ರವಾರದ ದಿನಾಂಕ ಆರಿಸಿ, ಹುಡುಕಿ ಒತ್ತಿ' ಎಂದರೆ ದಾರಿಯನ್ನು ನಾವೇ ತೋರಿಸಿದಂತೆ. ಬದಲಿಗೆ ಹೀಗೆ ಹೇಳಬಹುದು: 'ಶನಿವಾರ ಬೆಳಿಗ್ಗೆ 10ರೊಳಗೆ ಹುಬ್ಬಳ್ಳಿಯ ಮದುವೆ ಮನೆಯಲ್ಲಿರಬೇಕು. ಬೆಂಗಳೂರಿನಿಂದ ಹೊರಡುತ್ತೀರಿ, ಜೊತೆಗೆ ಅಮ್ಮ ಇದ್ದಾರೆ, ಅವರಿಗೆ ಮೇಲಿನ ಬರ್ತ್ ಹತ್ತಲಾಗದು.' ಪರದೆಯ ಮೇಲಿನ ಒಂದು ಗುಂಡಿಯ ಹೆಸರೂ ಇದರಲ್ಲಿಲ್ಲ.

ಈಗ ಪರೀಕ್ಷೆಗೆ ಬಂದ ಮಹಿಳೆಯ ಮಾತು ಹೀಗೆ ಹೊರಡಬಹುದು: 'ಶನಿವಾರ ಮದುವೆ... ಶನಿವಾರ ಒತ್ತಿದೆ... ರಾತ್ರಿ 10ರ ಬಸ್ಸಿದೆ, ಚೆನ್ನಾಗಿದೆ... ತಾಳಿ, ಇದು ಭಾನುವಾರ ತಲುಪತ್ತಲ್ಲ!' ತಲುಪುವ ದಿನವನ್ನು ಆಕೆ ಹೊರಡುವ ದಿನದ ಜಾಗದಲ್ಲಿ ಹಾಕಿದ್ದಾರೆ. ಶನಿವಾರ ನಸುಕಿನ 12.30ರ ಬಸ್ಸನ್ನು ನಮ್ಮ ಜನ ಶುಕ್ರವಾರ ರಾತ್ರಿಯದ್ದು ಅನ್ನುವುದರಿಂದ ಗೊಂದಲ ಇನ್ನೂ ಹೆಚ್ಚು. ದಿನಾಂಕವನ್ನು ನಾವೇ ಕೊಟ್ಟಿದ್ದರೆ ಈ ತಪ್ಪು ಹೊರಬೀಳುತ್ತಲೇ ಇರಲಿಲ್ಲ.

ಆಕೆ ಸುಮ್ಮನಾದರೆ ನಡೆಸುವವರು 'ಹೇಳ್ತಾ ಇರಿ' ಅನ್ನಬಹುದು, ಅಷ್ಟೇ. 'ಇದನ್ನ ಒತ್ತಲಾ?' ಎಂದು ಕೇಳಿದರೆ, 'ನೀವೊಬ್ಬರೇ ಇದ್ದಿದ್ರೆ ಏನು ಮಾಡ್ತಿದ್ರಿ?' ಎಂದು ತಿರುಗಿ ಕೇಳಬೇಕು. ಹಣ ಕಟ್ಟುವ ಪುಟದಲ್ಲಿ ಆಟ ನಿಲ್ಲಲಿ, ಯಾರ ಪಿನ್ ನಂಬರೂ ರೆಕಾರ್ಡಿಂಗ್‌ನಲ್ಲಿ ಉಳಿಯಬಾರದು.

ನಮ್ಮಲ್ಲಿ ಇನ್ನೊಂದು ತೊಡಕಿದೆ, ಅದು ದಾಕ್ಷಿಣ್ಯ. ಕರೆದು ಕಾಫಿ ಕೊಟ್ಟವರ ಎದುರು ಅವರ ಆ್ಯಪ್ ಕೆಟ್ಟದಾಗಿದೆ ಎನ್ನಲು ಬಾಯಿ ಬಾರದು. ಭಾರತದಲ್ಲಿ ಇಂಥ ಪರೀಕ್ಷೆಗಳನ್ನು ನಡೆಸುತ್ತಿದ್ದ ಅಪಲಾ ಲಾಹಿರಿ ಚವಾಣ್ ಇದಕ್ಕೆ 'ಬಾಲಿವುಡ್ ವಿಧಾನ' ಹುಡುಕಿದರು. ಪರೀಕ್ಷೆಗೆ ಬಂದವರಿಗೆ ಒಂದು ಕಥೆ ಕೊಟ್ಟರು: ನಿಮ್ಮ ಮುದ್ದಿನ ಸೋದರ ಸೊಸೆಗೆ ನಿಶ್ಚಯವಾದ ವರ ಭೂಗತ ಲೋಕದ ಹಂತಕ, ಮೇಲಾಗಿ ಅವನಿಗೆ ಆಗಲೇ ಮದುವೆಯಾಗಿದೆ. ಸಾಕ್ಷ್ಯದ ಜೊತೆ ತಕ್ಷಣ ಬೆಂಗಳೂರಿಗೆ ವಿಮಾನದ ಟಿಕೆಟ್ ಮಾಡಿಸಬೇಕು. ಕಥೆಯ ಆವೇಶದಲ್ಲಿ ಜನ ಸಂಕೋಚ ಬಿಟ್ಟು ಟಿಕೆಟಿನ ಜಾಲತಾಣವನ್ನು ಬೈಯತೊಡಗಿದರು. ಎರಿಕ್ಸನ್ ಇದಕ್ಕೆ ಹುಬ್ಬೇರಿಸುತ್ತಿದ್ದರೇನೋ, ನನಗಂತೂ ಇದು ಸೊಗಸಾದ ಉಪಾಯ.

ಎಷ್ಟು ಜನ ಸಾಕು? 'ಐವರು' ಎಂಬ ಮಾತು ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಮಾಡಿದ ಲೆಕ್ಕದಿಂದ ಹಬ್ಬಿತು. ಒಂದು ದೋಷ ಪ್ರತಿ ಬಳಕೆದಾರರಿಗೆ ಎದುರಾಗುವ ಸಾಧ್ಯತೆ ಶೇ 31 ಇದ್ದರೆ, ಐವರಲ್ಲಿ ಒಬ್ಬರಿಗಾದರೂ ಅದು ಸಿಗುವ ಸಾಧ್ಯತೆ ಸುಮಾರು ಶೇ 84. ಆದರೆ ಹತ್ತರಲ್ಲಿ ಒಬ್ಬರನ್ನಷ್ಟೇ ಕಾಡುವ ದೋಷ ಐವರ ಪರೀಕ್ಷೆಯಲ್ಲಿ ಸಿಗುವ ಸಾಧ್ಯತೆ ಶೇ 41 ಮಾತ್ರ. ಹಾಗಾಗಿ ಐವರನ್ನು ಕರೆದು, ಕಂಡದ್ದನ್ನು ತಿದ್ದಿ, ಮತ್ತೆ ಬೇರೆ ಐವರನ್ನು ಕರೆಯುವುದೇ ಮೇಲು. ಐವರಲ್ಲಿ ಮೂವರು ದಿನಾಂಕದಲ್ಲಿ ಎಡವಿದರೆಂದು ವರದಿಯಲ್ಲಿ 'ಶೇ 60 ಬಳಕೆದಾರರು' ಎಂದು ಮಾತ್ರ ಬರೆಯಬೇಡಿ.