ಅರಬಿಯ ಮೂರು ಸಾಲು, ಮೂರು ತಪ್ಪು

ಅರಬಿ ಕಲಿಯುವವರು ಬರೆದ ಮೂರು ಸಾಲು ಕೇಳಿ. "ಝಹಬ್ತು ಫಿಲ್ ಮಕ್ತಬಾ. ಹುನಾಕ ಕುತುಬ್ ಕಸೀರೂನ್. ಬಹಸ್ತು ಕಿತಾಬ್." ಲೈಬ್ರರಿಗೆ ಹೋದೆ, ಅಲ್ಲಿ ತುಂಬಾ ಪುಸ್ತಕಗಳಿವೆ, ಒಂದು ಪುಸ್ತಕ ಹುಡುಕಿದೆ ಅಂತ ಹೇಳೋ ಪ್ರಯತ್ನ.

ಮೊದಲ ಸಾಲು ಸುಲಭ. "ಫೀ" ಅಂದ್ರೆ ಒಳಗೆ. ಒಂದು ಜಾಗಕ್ಕೆ ಹೋಗೋದಕ್ಕೆ "ಇಲಾ" ಬೇಕು: "ಝಹಬ್ತು ಇಲಲ್ ಮಕ್ತಬಾ."

ಎರಡನೇದರಲ್ಲಿ ಸ್ವಲ್ಪ ನಿಲ್ಲೋಣ. ಕನ್ನಡದಲ್ಲಿ "ಹೊಸ ಮನೆ, ಹೊಸ ಮನೆಗಳು": ವಿಶೇಷಣ ಬದಲಾಗಲ್ಲ. ಅರಬಿಯಲ್ಲಿ ಬದಲಾಗುತ್ತೆ. "ಕಿತಾಬ್" ಪುಲ್ಲಿಂಗ, ಹಾಗಾಗಿ ಬಹುವಚನಕ್ಕೆ "ಕಸೀರೂನ್" ಹಾಕಿದ್ದಾರೆ. ಆದರೆ ಆ ರೂಪ ಮನುಷ್ಯರಿಗೆ ಮಾತ್ರ. "ತುಲ್ಲಾಬ್ ಕಸೀರೂನ್", ತುಂಬಾ ವಿದ್ಯಾರ್ಥಿಗಳು, ಸರಿ. ಮನುಷ್ಯರಲ್ಲದ ಬಹುವಚನವನ್ನು ಅರಬಿ ಸ್ತ್ರೀಲಿಂಗ ಏಕವಚನವಾಗಿ ನೋಡುತ್ತೆ: "ಕುತುಬ್ ಕಸೀರಾ." ಪುಸ್ತಕಗಳನ್ನು "ಅವು" ಅನ್ನೋಕೂ "ಹಿಯ", ಅಂದರೆ "ಅವಳು" ಅನ್ನೋ ಪದವೇ. ನನ್ನ ಪ್ರಕಾರ ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ ನಿಯಮ ಇದೇ.

ಮೂರನೇದು: ಕನ್ನಡದಲ್ಲಿ ನಾವು ನೇರವಾಗಿ ಪುಸ್ತಕವನ್ನು ಹುಡುಕುತ್ತೇವೆ. ಅರಬಿಯಲ್ಲಿ ನಡುವೆ "ಅನ್" ಬರಲೇಬೇಕು: "ಬಹಸ್ತು ಅನ್ ಕಿತಾಬ್."

ಹಾಗಾಗಿ ನೋಟ್‌ಬುಕ್ಕಿನಲ್ಲಿ "ಬಹಸ" ಅಂತಷ್ಟೇ ಬರೀಬೇಡಿ. "ಬಹಸ ಅನ್" ಅಂತ ಜೋಡಿಯಾಗಿಯೇ ಬರೆದುಕೊಳ್ಳಿ.