ಅಜ್ಜಂಪುರದಿಂದ ವಾಪಸು ಬಂದ ಸೀರೆ

ಕಡೂರು: ಇಲ್ಲಿನ ಒಂದು ಸಣ್ಣ ಬೊಟಿಕ್ಕಿಗೆ ಮೊನ್ನೆ ಅಜ್ಜಂಪುರದಿಂದ ಇಳಕಲ್ ಸೀರೆಯೊಂದು ವಾಪಸು ಬಂತು. ಹರಿದಿಲ್ಲ, ಬಣ್ಣ ಬಿಟ್ಟಿಲ್ಲ. 'ಫೋಟೋದಲ್ಲಿ ಮೈಗಂಟಿದಂಗಿತ್ತು, ಉಟ್ಟರೆ ಬುಟ್ಟಿ ಕವುಚಿದಂಗಿದೆ' ಅಂತ ಗಿರಾಕಿಯ ದೂರು. ಎರಡೂ ಕಡೆಯ ಪಾರ್ಸೆಲ್ ಖರ್ಚು ಅಂಗಡಿಯಾಕೆಯ ತಲೆಗೆ ಬಂತು.

ಹೊಸ ಮಾಲನ್ನು ರೂಪದರ್ಶಿಗೆ ಉಡಿಸಿ, ಫೋಟೋ ಹೊಡೆದು ಮೊಬೈಲಿಗೆ ಕಳಿಸುವ ಆಲ್ಬಮ್ಮಿಗೆ ಲುಕ್‌ಬುಕ್ ಅಂತಾರೆ. ಆ ಫೋಟೋದ ಕೆಳಗೆ 'ಮೈಗೊಪ್ಪುವ ಅಂದದ ಸೀರೆ' ಅಂತ ಬರೆದುಕೊಟ್ಟ ಮಹಾನುಭಾವ ನಾನೇ. ಯಾವ ಸೀರೆಗೆ ಬೇಕಾದ್ರೂ ಅಂಟಿಸಬಹುದಾದ ಮಾತು ಅದು.

ಅಸಲು ಸಂಗತಿ ನೇಯ್ಗೆಯಲ್ಲೇ ಇದೆ. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸ್ತಾರೆ. ಹಾಗಾಗಿ ಒಂದೇ ಸೀರೆ ಎರಡು ಥರ ಬೀಳುತ್ತೆ. ರೇಷ್ಮೆ ಸೆರಗು ಭುಜದಿಂದ ಜಾರುತ್ತೆ, ಗಂಜಿಯ ಹೊಸ ಹತ್ತಿ ಸೊಂಟದ ಹತ್ರ ಸೆಟೆದು ನಿಲ್ಲುತ್ತೆ. ಮೈಸೂರು ಕ್ರೇಪ್ ರೇಷ್ಮೆ ಹಾಗಲ್ಲ. ಅದರ ನೂಲಿಗೆ ಹುರಿ ಜಾಸ್ತಿ, ಇಡೀ ಸೀರೆ ಮೆತ್ತಗೆ ಇಳಿಬೀಳುತ್ತೆ.

ಮತ್ತೆ ಫೋಟೋದಲ್ಲಿ ಹತ್ತಿ ಹೇಗೆ ತೆಪ್ಪಗೆ ಕೂತಿತು? ಆ ದಿನ ನಾನೂ ಅಲ್ಲೇ ಇದ್ದೆ. ನೆರಿಗೆಗೆ ಇಸ್ತ್ರಿ ಒತ್ತಿ, ಒಳಗಿಂದ ಪಿನ್ನು ಚುಚ್ಚಿದ್ರು. ಸಡಿಲ ಕುಪ್ಪಸವನ್ನು ಬೆನ್ನ ಹಿಂದೆ ಕ್ಲಿಪ್ಪು ಹಾಕಿ ಬಿಗಿದ್ರು. ಹುಡುಗಿ ಒಂದು ಕಾಲಿನ ಮೇಲೆ ಭಾರ ಬಿಟ್ಟು ಓರೆಯಾಗಿ ನಿಂತಳು. ಓರೆ ನಿಂತರೆ ಯಾರೂ ಸಣ್ಣಗೇ ಕಾಣ್ತಾರೆ ಸ್ವಾಮಿ! ಸೆರಗನ್ನು ಎಡಗೈ ಮೇಲೆ ಹರಡಿದ್ರು, ಅದರ ಮರೆಯಲ್ಲಿ ಸೊಂಟದ ಉಬ್ಬು ಮುಚ್ಚಿಹೋಯ್ತು.

ಅಂಗಡಿಯಾಕೆ ನನ್ನನ್ನು ಕೂರಿಸಿ ಹೊಸದಾಗಿ ಬರೆಸಿದ್ರು: 'ಒಡಲು ಕಡುನೀಲಿ ಹತ್ತಿ, ಸೆರಗು ಕೆಂಪು ರೇಷ್ಮೆ. ಹೊಸದರಲ್ಲಿ ಗಂಜಿ ಇರುವುದರಿಂದ ನೆರಿಗೆ ಉಬ್ಬಿ ನಿಲ್ಲುತ್ತದೆ. ಚಿತ್ರದಲ್ಲಿ ನೆರಿಗೆಗೆ ಪಿನ್ನು, ಕುಪ್ಪಸಕ್ಕೆ ಹಿಂದೆ ಕ್ಲಿಪ್ಪು ಹಾಕಿದೆ. ಉಟ್ಟವರ ಎತ್ತರ 5 ಅಡಿ 6 ಇಂಚು, ಓರೆಯಾಗಿ ನಿಂತಿದ್ದಾರೆ. ಓಲೆ, ಬಳೆ, ಕುಪ್ಪಸ ಸೀರೆಯ ಜೊತೆ ಬರುವುದಿಲ್ಲ.'

'ಇಷ್ಟೆಲ್ಲಾ ಹೇಳಿದ್ರೆ ಯಾರು ತಗೋತಾರಮ್ಮ?' ಅಂದೆ.

'ತಗೊಂಡವರು ವಾಪಸು ಕಳಿಸಲ್ವಲ್ಲ' ಅಂದ್ರು.

ಆಮೇಲೆ ವಾಪಸು ಬಂದ ಸೀರೆಯನ್ನೇ ತಣ್ಣೀರಲ್ಲಿ ಅದ್ದಿ, ಉಜ್ಜದೆ ಜಾಲಿಸಿ, ನೆರಳಿಗೆ ಹಾಕಿದ್ರು. ಒಣಗಿದ ಮೇಲೆ ತಾವೇ ಉಟ್ಟು, ಪಿನ್ನಿಲ್ಲದೆ, ಕೈ ಕೆಳಗೆ ಬಿಟ್ಟು ನೇರ ನಿಂತು ಇನ್ನೊಂದು ಫೋಟೋ ಹೊಡೆಸಿದ್ರು. ಎರಡೂ ಫೋಟೋ ಅಕ್ಕಪಕ್ಕ ಹೋದವು. ಮಾರನೇ ದಿನ ತರೀಕೆರೆಯಿಂದ ಒಬ್ಬರು ಫೋನ್ ಮಾಡಿದ್ರು: 'ಓರೆ ನಿಂತಿರೋದು ಬೇಡ ಕಣ್ರೀ, ನೇರ ನಿಂತಿರೋ ಸೀರೆ ಕಳಿಸಿ.'