ಟ್ಯಾಂಕಿಗೆ ಎಷ್ಟು ಹಾಕಬೇಕು?

ಹತ್ತಿ ಹೊಲಕ್ಕೆ ಎಣ್ಣೆ ಹೊಡೆಯಲು ಹೊರಟ ರೈತನಿಗೆ ಬೇಕಾದದ್ದು ಒಂದೇ ಲೆಕ್ಕ: ಬೆನ್ನಿಗೆ ಹಾಕಿಕೊಳ್ಳುವ ಟ್ಯಾಂಕಿಗೆ ಔಷಧಿ ಎಷ್ಟು? ಬಾಟಲಿಯ ಜೊತೆ ಬರುವ ಚೀಟಿಯನ್ನು ಬಿಡಿಸಿದರೆ ಅಲ್ಲಿ ಬೇರೆಲ್ಲ ಇರುತ್ತದೆ, ಅದೊಂದು ಇರುವುದಿಲ್ಲ.

ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಎಂಬ ಕೀಟನಾಶಕವನ್ನೇ ನೋಡಬಹುದು. ಹತ್ತಿಗೆ ಅನುಮೋದನೆಯಾದ ಪ್ರಮಾಣ ಚೀಟಿಯಲ್ಲಿ ಹೆಚ್ಚುಕಡಿಮೆ ಹೀಗೆ ಅಚ್ಚಾಗುತ್ತದೆ: ‘ಪ್ರತಿ ಹೆಕ್ಟೇರಿಗೆ ಸಕ್ರಿಯ ಘಟಕಾಂಶ 20–25 ಗ್ರಾಂ, ಸೂತ್ರೀಕರಣ 100–125 ಮಿ.ಲೀ., ದುರ್ಬಲಗೊಳಿಸುವಿಕೆ 500–700 ಲೀ., ಕಾಯುವ ಅವಧಿ 40 ದಿನ.’ ಒಂದೊಂದು ಅಂಕಿಯೂ ಸರಿ. ಆದರೆ ನಮ್ಮ ರೈತರು ಹೊಲ ಅಳೆಯುವುದು ಎಕರೆ, ಗುಂಟೆಯಲ್ಲಿ. ಗ್ರಾಂ ಲೆಕ್ಕ ಬಾಟಲಿಯ ದ್ರವದಲ್ಲಿರುವ ಅಸಲಿ ವಿಷದ ತೂಕ, ರೈತ ಅಳೆದು ಸುರಿಯಬೇಕಾದದ್ದಲ್ಲ. ‘ದುರ್ಬಲಗೊಳಿಸುವಿಕೆ’ ಎಂದರೆ ಬೆರೆಸುವ ನೀರು ಎಂದು ಊಹಿಸುವುದು ಓದು ಬಲ್ಲವರಿಗೂ ಸುಲಭವಲ್ಲ.

ಈ ಸಾಲನ್ನು ತಿದ್ದುವವರಿಗೆ ಅಂಕಿ ಬದಲಿಸುವ ಅಧಿಕಾರವಿಲ್ಲ. ಬೆಳೆ, ಕೀಟ, ಪ್ರಮಾಣ ಎಲ್ಲವೂ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾದವು. ಅದೇ ಅಂಕಿಯನ್ನು ಹೊಲದ ಅಳತೆಗೆ ಇಳಿಸುವುದಷ್ಟೇ ಕೆಲಸ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಹಾಗಾಗಿ ಎಕರೆಗೆ ಔಷಧಿ 40ರಿಂದ 50 ಮಿ.ಲೀ., ನೀರು ಕನಿಷ್ಠ 200 ಲೀಟರ್. 16 ಲೀಟರಿನ ಟ್ಯಾಂಕಾದರೆ ಎಕರೆಗೆ 13 ಟ್ಯಾಂಕ್ ಬೇಕು. ಕಡಿಮೆ ಪ್ರಮಾಣ ಹಿಡಿದರೆ ಒಂದು ಟ್ಯಾಂಕಿಗೆ ಬೀಳುವುದು ಬರೀ 3 ಮಿ.ಲೀ.

ಅಪಾಯ ಇಲ್ಲೇ ಇದೆ. ಅಳತೆಗೆ ಕೈಗೆ ಸಿಗುವುದು ಬಾಟಲಿಯ ಮುಚ್ಚಳ. ಅದು 10 ಮಿ.ಲೀ. ಹಿಡಿಯುವುದಾದರೆ, ಟ್ಯಾಂಕಿಗೊಂದು ಮುಚ್ಚಳದಂತೆ 13 ಟ್ಯಾಂಕಿಗೆ 130 ಮಿ.ಲೀ. ಆಯಿತು. ಇಡೀ ಹೆಕ್ಟೇರಿಗೆ ಹೇಳಿದ್ದಕ್ಕಿಂತಲೂ ಹೆಚ್ಚು ಔಷಧಿ ಒಂದೇ ಎಕರೆಗೆ ಬಿತ್ತು! ಆದ್ದರಿಂದ ಹೊಸ ಚೀಟಿ ದಾರಿಯನ್ನೂ ಹೇಳಬೇಕು: ‘40 ಮಿ.ಲೀ. ಔಷಧಿಯನ್ನು ಅಳತೆ ಲೋಟದಲ್ಲಿ ಅಳೆದು ಬಕೆಟ್ಟಿಗೆ ಹಾಕಿ. ಒಟ್ಟು 1300 ಮಿ.ಲೀ. ಆಗುವಷ್ಟು ನೀರು ಸೇರಿಸಿ ಕೋಲಿನಿಂದ ಕಲಕಿ. ಪ್ರತಿ ಟ್ಯಾಂಕಿಗೆ ಇದರಲ್ಲಿ 100 ಮಿ.ಲೀ. ಹಾಕಿ ನೀರು ತುಂಬಿಸಿ. 13 ಟ್ಯಾಂಕಿಗೆ ಸರಿಹೋಗುತ್ತದೆ. ಕಲಸಿದ್ದನ್ನು ಅಂದೇ ಮುಗಿಸಿ.’ ಜಾಗ ಹೆಚ್ಚು ಹಿಡಿಯುತ್ತದೆ, ನಿಜ. ಮೊದಲ ಪುಟದ ಹೊಗಳಿಕೆ ತೆಗೆದರೆ ಅಷ್ಟು ಜಾಗ ಸಿಕ್ಕೇ ಸಿಗುತ್ತದೆ.

ಲಾಭದ ಮಾತೂ ಅಳತೆಯಲ್ಲಿರಬೇಕು. ‘ಬೆಳೆಗೆ ಸಂಪೂರ್ಣ ರಕ್ಷಣೆ’ ಎಂದು ಬರೆದರೆ ಕಾಯಿಕೊರಕ ಬಿದ್ದಾಗಲೂ ರೈತ ಇದನ್ನೇ ಹೊಡೆದಾನು; ಹುಳು ಸಾಯದಿದ್ದರೆ ಇನ್ನಷ್ಟು ಸುರಿದಾನು. ‘ಎಲೆಯ ರಸ ಹೀರುವ ಹೇನು, ಜಿಗಿಹುಳು, ಬಿಳಿನೊಣ, ಥ್ರಿಪ್ಸ್ ನುಸಿಗೆ ಮಾತ್ರ. ಕಾಯಿಕೊರಕಕ್ಕೆ ಇದು ಉಪಯೋಗವಿಲ್ಲ’ ಎಂದರೆ ಅವನ ದುಡ್ಡೂ ಉಳಿಯುತ್ತದೆ. ‘ಕಾಯುವ ಅವಧಿ’ಯನ್ನು ಹೀಗೆ ಬಿಡಿಸಬಹುದು: ‘ಹೊಡೆದ ಮೇಲೆ 40 ದಿನ ಹತ್ತಿ ಬಿಡಿಸಬೇಡಿ.’ ಜೇನಿಗೆ ಇದು ಕಡುವಿಷ, ಹೂವಿಗೆ ಜೇನು ಬರುವ ಹೊತ್ತಿನಲ್ಲಿ ಹೊಡೆಯಬಾರದು ಎಂಬುದೂ ದಪ್ಪಕ್ಷರದಲ್ಲೇ ಬರಲಿ.

ಎಚ್ಚರಿಕೆಗಳನ್ನು ಪಟ್ಟಿ ಮಾಡಿ ಕೊನೆಗೆ ತುರುಕುವ ಬದಲು, ಕೆಲಸ ನಡೆಯುವ ಕ್ರಮದಲ್ಲೇ ಇಡುವುದು ಮೇಲು. ಕೈಗವಸಿನ ಮಾತು ಬಾಟಲಿಯ ಮುಚ್ಚಳ ತೆಗೆಯುವ ಸಾಲಿಗಿಂತ ಮುಂಚೆ ಬರಬೇಕು, ಏಕೆಂದರೆ ನೀರು ಬೆರೆಸದ ಗಟ್ಟಿ ವಿಷ ಕೈಗೆ ತಗಲುವುದು ಆಗಲೇ. ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದಬೇಡಿ ಎಂಬುದು ಸಿಂಪಡಣೆಯ ಸಾಲಿನ ಪಕ್ಕದಲ್ಲಿರಲಿ. ‘ಸೂಕ್ತ ರಕ್ಷಣಾ ಉಡುಪು’ ಎಂದರೆ ಯಾವುದು? ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಕಣ್ಣಿಗೆ ಕನ್ನಡಕ, ಮೂಗು ಬಾಯಿಗೆ ಮಾಸ್ಕ್ ಎಂದು ಹೆಸರಿಸಿದರೆ ಮುಗಿಯಿತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆದ ನೂರಾರು ಮಂದಿ ಆಸ್ಪತ್ರೆ ಸೇರಿದರು, ಹಲವರು ಸತ್ತರು. ಆ ವರ್ಷ ಗಿಡಗಳು ಎತ್ತರಕ್ಕೆ ಬೆಳೆದಿದ್ದವು. ಅಂಥ ಹೊಲದಲ್ಲಿ ಮೇಲಕ್ಕೆ ಹೊಡೆದ ಔಷಧಿ ಮುಖ, ಎದೆಯ ಮೇಲೆಯೇ ಇಳಿಯುತ್ತದೆ. ಎದೆಮಟ್ಟ ಮೀರಿದ ಹತ್ತಿಯ ಬಗ್ಗೆ ಬೇರೆಯೇ ಒಂದು ಸಾಲು ಬೇಕೆನಿಸುವುದು ಅದಕ್ಕೇ.

ಬಾಟಲಿಯ ಮೇಲಿನ ಬಣ್ಣದ ಗುರುತಿಗೂ ವಿವರಣೆ ಬೇಕು. ಕೆಂಪು ಅತ್ಯಂತ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಎಂದರೆ ಕಡಿಮೆ ವಿಷ, ವಿಷವೇ ಅಲ್ಲ ಎಂದಲ್ಲ.

ಸರಳಗೊಳಿಸುವ ಭರದಲ್ಲಿ ತೆಗೆಯಬಾರದ ಒಂದು ಪದವಿದೆ: ಔಷಧಿಯ ರಾಸಾಯನಿಕ ಹೆಸರು. ಈ ಚೀಟಿಗೆ ವೈದ್ಯರೂ ಒಬ್ಬ ಓದುಗರು. ಇಮಿಡಾಕ್ಲೋಪ್ರಿಡ್‌ಗೆ ನಿರ್ದಿಷ್ಟ ಪ್ರತಿವಿಷವಿಲ್ಲ, ಲಕ್ಷಣ ನೋಡಿ ಚಿಕಿತ್ಸೆ ಕೊಡಬೇಕು. ಒಳಹೋದದ್ದು ಯಾವುದೆಂದು ಅವರಿಗೆ ತಿಳಿಯಲೇಬೇಕು. ‘ತಲೆ ಸುತ್ತಿದರೆ, ವಾಂತಿಯಾದರೆ ಕೆಲಸ ನಿಲ್ಲಿಸಿ, ಬಟ್ಟೆ ಕಳಚಿ, ಮೈ ತೊಳೆದು, ಈ ಚೀಟಿಯೊಂದಿಗೆ ಆಸ್ಪತ್ರೆಗೆ ಹೋಗಿ’ ಎಂಬ ಸಾಲಿನ ಕೆಳಗೇ ಆ ಹೆಸರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರಲಿ.

ತಿದ್ದಿದ ಚೀಟಿ ಅಚ್ಚಿಗೆ ಹೋಗುವ ಮುನ್ನ ನಾಲ್ಕಾರು ರೈತರ ಕೈಗೆ ಹೋಗಬೇಕು. ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಬದಲಿಗೆ ಬಾಟಲಿಯಲ್ಲಿ ಬಣ್ಣದ ನೀರು, ಪಕ್ಕದಲ್ಲಿ ಅಳತೆ ಲೋಟ, ಬಕೆಟ್, ಟ್ಯಾಂಕ್ ಇಟ್ಟು, ‘ನಿಮ್ಮ ಒಂದು ಎಕರೆಗೆ ಕಲಸಿ ತೋರಿಸಿ’ ಎನ್ನಬೇಕು. ಲೋಟದಲ್ಲಿ 40ರ ಗೆರೆಗೆ ಬದಲು 100ರ ಗೆರೆಗೆ ನೀರು ಬಂದರೆ, ತಿದ್ದಬೇಕಾದದ್ದು ಚೀಟಿಯ ಯಾವ ಸಾಲು ಎಂಬುದು ಅಲ್ಲೇ ಕಾಣುತ್ತದೆ.